ಕ್ಯಾಮೆರಾ ಕೆಟ್ಟಿದೆ ಎಂದು ಗೊತ್ತಾದ ದಿನ

ಪ್ರಶ್ನೆ: ಸರ್, ನಾನು ಬಳ್ಳಾರಿಯಲ್ಲಿ ಎಂ.ಎ. ಸಮಾಜಶಾಸ್ತ್ರ ಓದುತ್ತಿದ್ದೇನೆ. ಅಧಿಕಾರದ ಸಮಾಜಶಾಸ್ತ್ರದ ಪೇಪರ್‌ಗೆ ಪ್ರಬಂಧ ಬರೆಯಬೇಕು. ನಮ್ಮ ಅಕ್ಕ ಜೀನ್ಸ್ ಯೂನಿಟ್‌ನಲ್ಲಿ ಹೊಲಿಗೆ ಕೆಲಸ ಮಾಡ್ತಾಳೆ, ಅಲ್ಲಿ ಕ್ಯಾಮೆರಾ ಹಾಕಿದ್ದಾರೆ. ನಾನು ಫೋನಲ್ಲಿ ಒಂದು ಸಲ ಚಪ್ಪಲಿ ನೋಡಿದರೆ ವಾರವಿಡೀ ಚಪ್ಪಲಿ ಜಾಹೀರಾತೇ ಬರುತ್ತದೆ. ಎರಡೂ ಪ್ಯಾನಾಪ್ಟಿಕಾನ್ ಅಂತ ಬರೆದೆ. ಮೇಡಂ ಕೆಂಪು ಶಾಯಿಯಲ್ಲಿ ‘ನೋಡುವುದೆಲ್ಲ ಪ್ಯಾನಾಪ್ಟಿಕಾನ್ ಅಲ್ಲ’ ಅಂತ ಬರೆದು ವಾಪಸ್ ಕೊಟ್ಟರು. ಹಾಗಾದರೆ ಯಾವುದು ಹೌದು, ಯಾವುದು ಅಲ್ಲ?

ಉತ್ತರ: ಅಕ್ಕನ ಕ್ಯಾಮೆರಾ ಬಹುಮಟ್ಟಿಗೆ ಹೌದು. ಚಪ್ಪಲಿ ಜಾಹೀರಾತು ಬಹುಮಟ್ಟಿಗೆ ಅಲ್ಲ. ನಿಮ್ಮ ಮೇಡಂ ಸರಿಯಾಗಿಯೇ ಗೀಟು ಹಾಕಿದ್ದಾರೆ. ಪ್ಯಾನಾಪ್ಟಿಕಾನ್ ಅನ್ನುವುದು ಮೂಲತಃ ಒಬ್ಬನೇ ಕೂತು ಎಲ್ಲರ ಮೇಲೂ ಕಣ್ಣಿಡಲು ಹಾಕಿದ ಒಂದು ಕಟ್ಟಡದ ನಕ್ಷೆ. ಯಾಕೆ ಅಂತ ಹೇಳಲು ಮೊದಲು ಆ ಕಟ್ಟಡದೊಳಗೆ ಒಂದು ಸುತ್ತು ಹಾಕಿ ಬರಬೇಕು. ತುಂಬಾ ಜನ ವಿದ್ಯಾರ್ಥಿಗಳು ‘ನಡುವೆ ಗೋಪುರ, ಸುತ್ತ ಕೋಣೆ’ ಎಂಬ ಚಿತ್ರ ನೋಡಿ ಅಲ್ಲಿಗೇ ನಿಲ್ಲುತ್ತಾರೆ.

ಮೊದಲಿಗೆ, ಇದು ಜೈಲಿನಿಂದ ಕಾರ್ಖಾನೆಗೆ ಬಂದ ವಿಚಾರ ಅಲ್ಲ. ಕಾರ್ಖಾನೆಯಿಂದ ಜೈಲಿಗೆ ಹೋದದ್ದು. ಜೆರೆಮಿ ಬೆಂಥಮ್ ಎಂಬ ಇಂಗ್ಲಿಷ್ ಚಿಂತಕನ ತಮ್ಮ ಸ್ಯಾಮ್ಯುಯೆಲ್ ಆಗ ರಷ್ಯಾದಲ್ಲಿ, ಪೊಟೆಮ್ಕಿನ್ ಎಂಬ ದೊಡ್ಡ ಜಮೀನುದಾರನ ಬಳಿ ಕೆಲಸಕ್ಕಿದ್ದ. ಊರು ಕ್ರಿಚೆವ್, ಈಗ ಬೆಲಾರುಸ್‌ನಲ್ಲಿದೆ. ಅಲ್ಲಿನ ಕಾರ್ಯಾಗಾರಗಳಲ್ಲಿ ಕೆಲಸಗಾರರ ಮೇಲೆ ಕಣ್ಣಿಡುವುದೇ ಅವನಿಗೆ ತಲೆನೋವು. ದುಂಡನೆಯ ಕಟ್ಟಡ ಕಟ್ಟಿ ನಡುವೆ ಕೂತರೆ ಒಬ್ಬನೇ ಎಲ್ಲರನ್ನೂ ನೋಡಬಹುದಲ್ವಾ ಅಂತ ಅವನಿಗೆ ಹೊಳೆಯಿತು. ತಮ್ಮನನ್ನು ನೋಡಲು ಹೋಗಿದ್ದ ಅಣ್ಣ 1787ರಲ್ಲಿ ಅಲ್ಲಿಂದಲೇ ಪತ್ರಗಳ ರೂಪದಲ್ಲಿ ಇದನ್ನು ಬರೆದ. 1791ರಲ್ಲಿ ಪುಸ್ತಕವಾಯಿತು. ಜೈಲು, ಕಾರ್ಖಾನೆ, ಆಸ್ಪತ್ರೆ, ಶಾಲೆ ಎಲ್ಲಕ್ಕೂ ಇದು ಆಗುತ್ತದೆ ಅಂತ ಅದರ ಶೀರ್ಷಿಕೆಯ ಪುಟದಲ್ಲೇ ಹೇಳಿದ್ದ. ಹಾಗಾಗಿ ‘ಪ್ಯಾನಾಪ್ಟಿಕಾನ್ ಕಲ್ಪನೆಯನ್ನು ಇಂದು ಕೆಲಸದ ಜಾಗಕ್ಕೂ ವಿಸ್ತರಿಸಬಹುದು’ ಎಂಬ ವಾಕ್ಯ ನಿಮ್ಮ ಪ್ರಬಂಧದಲ್ಲಿದ್ದರೆ ಹೊಡೆದುಹಾಕಿ. ಅದು ತವರುಮನೆಗೆ ವಾಪಸ್ ಬಂದಿದೆ, ಅಷ್ಟೇ.

ಈಗ ಕಟ್ಟಡ. ಬಳೆಯ ಹಾಗೆ ಸುತ್ತಲೂ ಕೋಣೆಗಳು. ಪ್ರತಿ ಕೋಣೆಗೆ ಎರಡು ಕಿಟಕಿ, ಒಂದು ಹೊರಗಡೆಗೆ, ಒಂದು ಒಳಗಡೆ ಗೋಪುರದ ಕಡೆಗೆ. ಹೊರಗಿನ ಬೆಳಕು ಹಿಂದಿನಿಂದ ಬೀಳುವುದರಿಂದ ಒಳಗಿದ್ದವನ ಆಕೃತಿ ಗೋಪುರಕ್ಕೆ ಸ್ಪಷ್ಟವಾಗಿ ಕಾಣುತ್ತದೆ. ಗೋಪುರದ ಕಿಟಕಿಗಳಿಗೋ ಪಟ್ಟಿ ಪಟ್ಟಿಯ ಪರದೆ. ಒಳಗೆ ಓಡಾಡುವ ದಾರಿಗಳು ಅಂಕುಡೊಂಕು. ಯಾಕೆಂದರೆ ಬಾಗಿಲು ಅರೆ ತೆರೆದಾಗ ಬರುವ ಒಂದು ಗೆರೆ ಬೆಳಕಿನಿಂದಲೂ ಕಾವಲುಗಾರ ಇದ್ದಾನೆ ಅಂತ ಕೈದಿಗೆ ಗೊತ್ತಾಗಬಾರದು. ಗೋಪುರ ಸದಾ ಕಣ್ಣೆದುರು ಇರುತ್ತದೆ, ಅದರೊಳಗೆ ಈಗ ಯಾರಾದರೂ ಇದ್ದಾರಾ ಎಂಬುದು ಮಾತ್ರ ಎಂದೂ ಖಾತ್ರಿಯಾಗುವುದಿಲ್ಲ. ಫ್ರೆಂಚ್ ಚಿಂತಕ ಮಿಶೆಲ್ ಫೂಕೋ 1975ರ ತನ್ನ ಪುಸ್ತಕದಲ್ಲಿ ಎತ್ತಿ ಹಿಡಿದದ್ದು ಇದೇ ಎರಡು ಮಾತು. ಅಧಿಕಾರ ಕಾಣುತ್ತಿರಬೇಕು, ಆದರೆ ಅದನ್ನು ಪರೀಕ್ಷೆ ಮಾಡಿ ತಿಳಿಯುವ ದಾರಿ ಇರಬಾರದು. ಆಗ ನೋಡುವವನ ಕೆಲಸವನ್ನು ನೋಡಿಸಿಕೊಳ್ಳುವವನೇ ತನ್ನ ಮೇಲೆ ತಾನೇ ಮಾಡಿಕೊಳ್ಳುತ್ತಾನೆ.

ಒಂದು ಸಣ್ಣ ಸಂಗತಿ ಹೇಳುತ್ತೇನೆ, ಫೂಕೋನ ಪುಸ್ತಕದ ಅಡಿಟಿಪ್ಪಣಿಯಲ್ಲಿದೆ. ಬೆಂಥಮ್ ಮೊದಲ ನಕ್ಷೆಯಲ್ಲಿ ಕೋಣೆಗಳಿಂದ ಗೋಪುರಕ್ಕೆ ಕೊಳವೆ ಹಾಕಿಸಿ ಕೈದಿಗಳ ಮಾತನ್ನೂ ಕೇಳಿಸಿಕೊಳ್ಳಬೇಕು ಅಂದುಕೊಂಡಿದ್ದ. ಆಮೇಲೆ ಬಿಟ್ಟ. ಕೊಳವೆಯಲ್ಲಿ ದನಿ ಎರಡೂ ಕಡೆ ಹೋಗುತ್ತದೆ, ಕಾವಲುಗಾರ ಕೆಮ್ಮಿದರೆ ಕೈದಿಗೂ ಕೇಳುತ್ತದೆ ಎಂಬುದೇ ಇದಕ್ಕೆ ಕಾರಣ ಇರಬಹುದು ಅಂತ ಫೂಕೋ ಊಹಿಸುತ್ತಾನೆ. ಈ ಕೊಳವೆ ನೆನಪಿರಲಿ, ಮುಂದೆ ಬೇಕಾಗುತ್ತದೆ.

ನಮ್ಮೂರ ಗುಡ್ಡದ ಮೇಲಿನ ಕೋಟೆಯೂ ಊರಿಗೆಲ್ಲ ಕಾಣುತ್ತದೆ, ಅದೂ ಪ್ಯಾನಾಪ್ಟಿಕಾನ್ ಅಲ್ವಾ ಅಂತ ಕ್ಲಾಸಿನಲ್ಲಿ ಒಬ್ಬ ಹುಡುಗ ಕೇಳಿದ್ದ. ಜಾಣ ಪ್ರಶ್ನೆ. ಅಲ್ಲ. ಕೋಟೆಯ ಕಣ್ಣು ಇದ್ದದ್ದು ದೂರದಿಂದ ಬರುವ ದಂಡಿನ ಮೇಲೆ. ಕೆಳಗೆ ಒಬ್ಬೊಬ್ಬರು ಅವರವರ ಮನೆಯಲ್ಲಿ ಏನು ಮಾಡುತ್ತಿದ್ದಾರೆ ಎಂಬುದು ಅದಕ್ಕೆ ಕಾಣುತ್ತಲೂ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ಒಬ್ಬೊಬ್ಬರನ್ನೂ ಬಿಡಿಬಿಡಿಯಾಗಿ ನೋಡುವುದು ಪ್ಯಾನಾಪ್ಟಿಕಾನ್‌ನ ಗುಣ.

ಇನ್ನು ಅಕ್ಕನ ಯೂನಿಟ್. ಅದು ನನಗೆ ಗೊತ್ತಿಲ್ಲ. ಆದರೆ ಬಳ್ಳಾರಿಯಲ್ಲೇ ಇನ್ನೊಂದು ಯೂನಿಟ್‌ಗೆ ನಾನು ಸುಮಾರು ದಿನ ಹೋಗಿ ಕೂತಿದ್ದೆ. ಇಪ್ಪತ್ತು ಚಿಲ್ಲರೆ ಮಷಿನ್, ನಾಲ್ಕು ಕ್ಯಾಮೆರಾ. ಒಂದು ಕಟಿಂಗ್ ಟೇಬಲ್ ಮೇಲೆ, ಎರಡು ಹೊಲಿಗೆ ಸಾಲಿನ ಮೇಲೆ, ಒಂದು ಬಾಗಿಲಲ್ಲಿ. ಸಾವ್ಕಾರರು ಯೂನಿಟ್‌ನಲ್ಲಿ ಕೂರುವುದು ಕಡಿಮೆ. ನಾಲ್ಕೂ ಕ್ಯಾಮೆರಾ ಅವರ ಫೋನಿನಲ್ಲಿ ಕಾಣುತ್ತವೆ ಅಂತ ಎಲ್ಲರಿಗೂ ಗೊತ್ತು. ಅವರು ಈಗ ನೋಡುತ್ತಿದ್ದಾರಾ, ಇಲ್ಲ ಮದುವೆ ಊಟಕ್ಕೆ ಕೂತಿದ್ದಾರಾ, ಯಾರಿಗೂ ಗೊತ್ತಿಲ್ಲ. ಹೊಲಿಗೆ ಸಾಲಿನಲ್ಲಿ ಮಾತು ಕಡಿಮೆ. ಸೊಂಟ ನೆಟ್ಟಗೆ ಮಾಡಿಕೊಳ್ಳಲು ಎದ್ದವರು ಕೈಯಲ್ಲಿ ಒಂದು ಪೀಸ್ ಹಿಡಿದೇ ನಿಲ್ಲುತ್ತಿದ್ದರು, ಕೆಲಸದ ಮೇಲೆ ಎದ್ದ ಹಾಗೆ ಕಾಣಲಿ ಅಂತ. ಇದು ಫೂಕೋ ಹೇಳಿದ್ದೇ.

ಒಂದು ದಿನ ವೈರಿಂಗ್ ರಿಪೇರಿಗೆ ಬಂದ ಹುಡುಗ ಮೇಲೆ ಹತ್ತಿ ನೋಡಿ, ‘ಇದು ಕೆಟ್ಟು ಭಾಳ ದಿನ ಆಗೇತಿ, ವೈರೇ ಇಲ್ಲ’ ಅಂದ. ಎರಡನೇ ಸಾಲಿನ ಮೇಲಿನ ಕ್ಯಾಮೆರಾ. ಅಷ್ಟು ದಿನ ಸತ್ತ ಕ್ಯಾಮೆರಾದ ಕೆಳಗೆ ಎಲ್ಲರೂ ಬೆನ್ನು ಬಗ್ಗಿಸಿ ಕೂತಿದ್ದರು. ಮರುದಿನದಿಂದ ಎರಡನೇ ಸಾಲಿನಲ್ಲಿ ನಗು ಕೇಳತೊಡಗಿತು. ಮೊದಲ ಸಾಲಿನವರು ನೀರು ಕುಡಿಯುವ ನೆಪದಲ್ಲಿ ಅಲ್ಲಿಗೇ ಬರತೊಡಗಿದರು. ಅಲ್ಲಿ ಬದಲಾದದ್ದು ಒಂದೇ. ಪರೀಕ್ಷಿಸಲು ಆಗದಿದ್ದದ್ದನ್ನು ಒಬ್ಬ ಪರೀಕ್ಷಿಸಿದ. ಬೆಂಥಮ್‌ನ ಕೊಳವೆಯಲ್ಲಿ ಗೋಪುರದ ಕೆಮ್ಮು ಕೇಳಿಸಿದಂತಾಯಿತು.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಹತ್ತು ದಿನ ಕಳೆದು ಮೇಸ್ತ್ರಿ ಫೋನಿಗೆ ಸಾವ್ಕಾರರ ಕರೆ ಬಂತು. ‘ಮೂಲೆ ಮಷಿನ್ ಯಾಕ ಖಾಲಿ ಐತಿ? ಯಾರು ರಜಾ?’ ಮೂಲೆ ಮಷಿನ್ ಇದ್ದದ್ದು ಎರಡನೇ ಸಾಲಿನಲ್ಲೇ! ಬಹುಶಃ ಬಾಗಿಲ ಕ್ಯಾಮೆರಾಕ್ಕೆ ಅದರ ತುದಿ ಸಿಕ್ಕಿರಬಹುದು, ಇಲ್ಲ ಯಾರೋ ಹೇಳಿರಬಹುದು. ಯಾವುದು ಅಂತ ಗೊತ್ತಾಗಲಿಲ್ಲ. ಗೊತ್ತಾಗಲಿಲ್ಲವಾದ್ದರಿಂದಲೇ ಸಾಲು ಮತ್ತೆ ತಣ್ಣಗಾಯಿತು. ಕೆಟ್ಟ ಕ್ಯಾಮೆರಾವನ್ನು ಆಮೇಲೂ ಯಾರೂ ರಿಪೇರಿ ಮಾಡಲಿಲ್ಲ. ಒಂದು ಫೋನ್ ಕರೆ ಸಾಕಾಯಿತು.

ಇಷ್ಟು ಬರೆದು ‘ಆದ್ದರಿಂದ ಕ್ಯಾಮೆರಾದಿಂದ ಕೆಲಸ ಜಾಸ್ತಿಯಾಗುತ್ತದೆ’ ಅಂತ ಮುಗಿಸಿದರೆ ಮತ್ತೆ ಕೆಂಪು ಶಾಯಿ ಬೀಳುತ್ತದೆ. ಬಳ್ಳಾರಿ ಯೂನಿಟ್‌ಗಳಲ್ಲಿ ಹೊಲಿಗೆಗೆ ಸಾಮಾನ್ಯವಾಗಿ ಪೀಸ್ ಲೆಕ್ಕದಲ್ಲಿ ದುಡ್ಡು. ಜೇಬು ಹಚ್ಚಲು ಇಷ್ಟು, ಬೆಲ್ಟ್ ಕೂಡಿಸಲು ಇಷ್ಟು. ಕೈ ಓಡಿಸುವುದು ಆ ಲೆಕ್ಕ. ಸಾವ್ಕಾರರು ನೋಡಿದರೂ ನೋಡದಿದ್ದರೂ ಸಂಜೆಗೆ ಬಂಡಲ್ ಎಣಿಸುತ್ತಾರೆ. ಎರಡನೇ ಸಾಲಿನಲ್ಲಿ ನಗು ಕೇಳಿದ ಆ ಹತ್ತು ದಿನ ಬಂಡಲ್ ಕಡಿಮೆಯಾಯಿತಾ ಅಂತ ಮೇಸ್ತ್ರಿಯನ್ನು ಕೇಳಿದೆ. ಅವರ ನೋಟ್‌ಬುಕ್‌ನಲ್ಲಿ ಅಂಥ ವ್ಯತ್ಯಾಸವೇನೂ ಇರಲಿಲ್ಲ. ಹಾಗಾದರೆ ಕ್ಯಾಮೆರಾ ಏನು ಮಾಡುತ್ತಿತ್ತು? ಮಾತು, ನಿಲ್ಲುವುದು, ಬಚ್ಚಲಿಗೆ ಹೋಗಿ ಬರುವುದು, ಫೋನ್ ತೆಗೆಯುವುದು, ಇವನ್ನು ಹಿಡಿದಿಟ್ಟಿತ್ತು. ಅಂದರೆ ಪೀಸ್ ಲೆಕ್ಕ ಕೈಯನ್ನು ಆಳುತ್ತದೆ, ಕ್ಯಾಮೆರಾ ಉಳಿದ ಮೈಯನ್ನು. ಎರಡೂ ಅಧಿಕಾರವೇ, ಆದರೆ ಬೇರೆ ಬೇರೆ ಬಗೆಯವು. ಎರಡನ್ನೂ ಒಂದೇ ಹೆಸರಿನ ಚೀಲಕ್ಕೆ ತುಂಬಬೇಡಿ.

ಬ್ರಿಟನ್ನಿನ ಕಾಲ್ ಸೆಂಟರ್‌ಗಳ ವಿಷಯದಲ್ಲೂ ಇದೇ ಜಗಳ ನಡೆದಿದೆ. ಫರ್ನಿ ಮತ್ತು ಮೆಟ್‌ಕಾಫ್ 1998ರಲ್ಲಿ ಕಾಲ್ ಸೆಂಟರನ್ನು ಹೊಸ ಪ್ಯಾನಾಪ್ಟಿಕಾನ್ ಎಂಬಂತೆ ಬರೆದರು. ಬೇನ್ ಮತ್ತು ಟೇಲರ್ 2000ದಲ್ಲಿ ಒಂದು ಕಾಲ್ ಸೆಂಟರ್‌ನ ಒಳಗಿನ ಚಿತ್ರ ಕೊಟ್ಟು ಇದನ್ನು ಅಲ್ಲಗಳೆದರು. ಕೆಲಸಗಾರರು ಅಷ್ಟು ಸುಲಭಕ್ಕೆ ಬಗ್ಗಿರಲಿಲ್ಲ, ತಪ್ಪಿಸಿಕೊಳ್ಳುವ ದಾರಿ ಹುಡುಕಿದ್ದರು, ಸಂಘವನ್ನೂ ಕಟ್ಟಿಕೊಳ್ಳುತ್ತಿದ್ದರು. ಬೆಂಥಮ್‌ನ ಕೋಣೆಗಳ ನಡುವೆ ಗೋಡೆ ಇತ್ತು, ಕೈದಿಗೆ ಪಕ್ಕದವನ ಸುದ್ದಿ ಸಿಗುತ್ತಿರಲಿಲ್ಲ. ಕೆಲಸದ ಜಾಗದಲ್ಲಿ ಆ ಗೋಡೆ ಇಲ್ಲ. ವೈರಿಂಗ್ ಹುಡುಗನ ಮಾತು ಒಂದೇ ದಿನದಲ್ಲಿ ಇಪ್ಪತ್ತು ಜನಕ್ಕೆ ಮುಟ್ಟಿದ್ದು ಅದಕ್ಕೇ.

ಆನ್‌ಲೈನ್‌ಗೆ ಹೋಗುವ ಮೊದಲು ಇನ್ನೊಂದು ಉದಾಹರಣೆ ಕೊಡುತ್ತೇನೆ. ನಿಮ್ಮ ಪ್ರಬಂಧಕ್ಕೆ ಇದು ಚಿನ್ನದಂಥದ್ದು, ರಾಯಚೂರು ಕೊಪ್ಪಳ ಕಡೆ ಯಾವ ಹಳ್ಳಿಗೆ ಹೋದರೂ ಇದನ್ನು ಕಂಡವರು ಸಿಗುತ್ತಾರೆ. ಉದ್ಯೋಗ ಖಾತ್ರಿ ಕೆಲಸದಲ್ಲಿ 2023ರ ಜನವರಿ 1ರಿಂದ ಎಲ್ಲ ಕಡೆ ಮೊಬೈಲ್ ಆ್ಯಪ್‌ನಲ್ಲೇ ಹಾಜರಿ ಕಡ್ಡಾಯವಾಯಿತು. ಹೆಸರು `NMMS`. ದಿನಕ್ಕೆ ಎರಡು ಸಲ ಕೂಲಿಕಾರರ ಗುಂಪು ಫೋಟೊ, ಜಾಗದ ಗುರುತಿನ ಸಮೇತ. ಫೋಟೊ ಹೊಡೆಯುವುದು ಸರ್ಕಾರಿ ಸಾಹೇಬರಲ್ಲ, ಕೂಲಿಕಾರರಲ್ಲೇ ಒಬ್ಬರಾದ ಕಾಯಕ ಬಂಧು. ದಿಲ್ಲಿಯವರೆಗೆ ಕಾಣುವ ಕಣ್ಣು, ಪ್ರತಿ ಕೆರೆಯ ದಂಡೆಯ ಮೇಲೆ. ಮೇಲುನೋಟಕ್ಕೆ ಇದಕ್ಕಿಂತ ದೊಡ್ಡ ಪ್ಯಾನಾಪ್ಟಿಕಾನ್ ಇಲ್ಲ ಅನಿಸುತ್ತದೆ.

ಆದರೆ ಫೋಟೊ ಯಾವಾಗ ಅಂತ ಎಲ್ಲರಿಗೂ ಗೊತ್ತು! ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು. ಕಣ್ಣು ಯಾವಾಗ ತೆರೆಯುತ್ತದೆ ಅಂತ ಮೊದಲೇ ಹೇಳಿ ತೆರೆಯುತ್ತದೆ. ಆಗ ಜನ ಶಿಸ್ತು ಕಲಿಯುವುದು ಕೆಲಸಕ್ಕೆ ಅಲ್ಲ, ಫೋಟೊಗೆ. ಬೇಸಿಗೆಯಲ್ಲಿ ನಸುಕಿಗೇ ಬಂದು ಅಳತೆಯ ಗುಂಡಿ ತೋಡಿ ಮುಗಿಸಿದವರೂ ಎರಡನೇ ಫೋಟೊಗಾಗಿ ಬಿಸಿಲಲ್ಲಿ ಕಾಯಬೇಕಾಯಿತು. ಇನ್ನೊಂದು ಕಡೆ ಮೋಸವೂ ಫೋಟೊದ ಆಕಾರವನ್ನೇ ಹಿಡಿಯಿತು. ಕೇಂದ್ರದ ಗ್ರಾಮೀಣಾಭಿವೃದ್ಧಿ ಇಲಾಖೆಯೇ 2025ರ ಜುಲೈನಲ್ಲಿ ಸುತ್ತೋಲೆ ಹೊರಡಿಸಿ ಇದನ್ನು ಒಪ್ಪಿಕೊಂಡಿತು. ಸಂಬಂಧವಿಲ್ಲದ ಫೋಟೊ ಹಾಕುವುದು, ಹಳೆಯ ಫೋಟೊದ್ದೇ ಮತ್ತೊಂದು ಫೋಟೊ ಹೊಡೆಯುವುದು, ಹಾಜರಿಯಲ್ಲಿ ಒಂದು ಸಂಖ್ಯೆ ಫೋಟೊದಲ್ಲಿ ಇನ್ನೊಂದು, ಹೀಗೆ. ಅದಕ್ಕೆ ಕಂಡ ಪರಿಹಾರ ಏನು ಗೊತ್ತಾ? ಬಂದ ಫೋಟೊಗಳನ್ನೆಲ್ಲ ಪಂಚಾಯಿತಿ ಮಟ್ಟದಲ್ಲಿ ಮನುಷ್ಯರು ಕೂತು ನೋಡಬೇಕು ಅಂತ. ಗೋಪುರದಲ್ಲಿ ನಿಜವಾಗಿಯೂ ಒಬ್ಬರನ್ನು ಕೂರಿಸಬೇಕಾದ ಸ್ಥಿತಿ ಬಂತು ಅಂದರೆ ಅದು ಪ್ಯಾನಾಪ್ಟಿಕಾನ್ ಆಗಿ ಕೆಲಸ ಮಾಡಿಲ್ಲ ಅಂತಲೇ ಅರ್ಥ. ಕಾವಲುಗಾರ ಇಲ್ಲದಿದ್ದರೂ ನಡೆಯಬೇಕಾದದ್ದು ಆ ಯಂತ್ರ.

ಈಗ ನಿಮ್ಮ ಚಪ್ಪಲಿ. ನಡೆಯುವುದು ಸ್ಥೂಲವಾಗಿ ಇಷ್ಟು. ನೀವು ಅಂಗಡಿಯ ಪುಟ ತೆರೆದಾಗ ಆ ಪುಟದೊಳಗೆ ಜಾಹೀರಾತು ಕಂಪನಿಯೊಂದರ ಸಣ್ಣ ಕೋಡ್ ಕೂತಿರುತ್ತದೆ. ನಿಮ್ಮ ಬ್ರೌಸರ್‌ಗೆ ಅದು ಒಂದು ಗುರುತಿನ ಸಂಖ್ಯೆ ಅಂಟಿಸುತ್ತದೆ, ಅದನ್ನೇ ಕುಕೀ ಅನ್ನುವುದು. ಫೋನಿನ ಆ್ಯಪ್‌ಗಳಲ್ಲಾದರೆ ಜಾಹೀರಾತಿಗೆಂದೇ ಒಂದು ಸಂಖ್ಯೆ ಮೊದಲೇ ಇರುತ್ತದೆ. ‘ಈ ಸಂಖ್ಯೆಯವರು ಈ ಚಪ್ಪಲಿ ನೋಡಿದರು, ಕೊಳ್ಳಲಿಲ್ಲ’ ಎಂಬ ಸುದ್ದಿ ಕಂಪನಿಗೆ ಹೋಗುತ್ತದೆ. ಸಂಜೆ ನೀವು ಸುದ್ದಿ ಓದಲು ಇನ್ನೊಂದು ಪುಟ ತೆರೆಯುತ್ತೀರಿ. ಪುಟ ಪೂರ್ತಿ ಬರುವಷ್ಟರೊಳಗೆ, ಕಣ್ಣು ಮಿಟುಕಿಸುವ ಹೊತ್ತಿನಲ್ಲಿ, ಅಲ್ಲಿನ ಖಾಲಿ ಜಾಗಕ್ಕೆ ಹರಾಜು ನಡೆಯುತ್ತದೆ. ಎಪಿಎಂಸಿ ಯಾರ್ಡ್‌ನಲ್ಲಿ ಮೆಣಸಿನಕಾಯಿ ಹರಾಜಾದ ಹಾಗೆಯೇ, ಆದರೆ ಕೂಗುವುದು ಯಂತ್ರಗಳು, ಮಾಲು ನಿಮ್ಮ ಒಂದು ಕ್ಷಣದ ಗಮನ. ಚಪ್ಪಲಿಯವನು ಜಾಸ್ತಿ ಕೂಗಿದ, ಜಾಗ ಅವನಿಗಾಯಿತು.

ಇಲ್ಲಿ ಗೋಪುರ ಎಲ್ಲಿದೆ ಹೇಳಿ. ನಿಮಗೆ ಕಂಡದ್ದು ಚಪ್ಪಲಿ ಮಾತ್ರ. ಕೋಡ್ ಕಾಣಲಿಲ್ಲ, ಹರಾಜು ಕಾಣಲಿಲ್ಲ, ಕೂಗಿ ಸೋತವರು ಯಾರೆಂದು ಗೊತ್ತಾಗಲಿಲ್ಲ. ನಿಮಗೆ ಕಾಣಬೇಕು ಅಂತ ಅವರಿಗೆ ಆಸೆಯೂ ಇಲ್ಲ. ಸಾವ್ಕಾರರಿಗೆ ಕ್ಯಾಮೆರಾ ಎದ್ದು ಕಾಣಬೇಕು, ಇಲ್ಲದಿದ್ದರೆ ಅದರಿಂದ ಪ್ರಯೋಜನವಿಲ್ಲ. ಜಾಹೀರಾತು ಕಂಪನಿಗೆ ಕಾಣದಿದ್ದರೇ ಲಾಭ. ನೋಡುತ್ತಿದ್ದಾರೆ ಅಂತ ನೀವು ಹುಷಾರಾಗಿ, ನೆಟ್ಟಗೆ ಕೂತು, ಒಳ್ಳೊಳ್ಳೆಯದನ್ನೇ ಹುಡುಕತೊಡಗಿದರೆ ಅವರ ಲೆಕ್ಕವೇ ಕೆಡುತ್ತದೆ. ಸುಮ್ನೆ ಮನೆಯಲ್ಲಿ ಕಾಲು ಚಾಚಿ ಕೂತಾಗ ನೀವು ಹೇಗಿರುತ್ತೀರೋ ಹಾಗೆಯೇ ಇರಬೇಕು ಅವರಿಗೆ. ಪ್ಯಾನಾಪ್ಟಿಕಾನ್ ನಿಮ್ಮನ್ನು ತಿದ್ದಲು ನೋಡುತ್ತದೆ. ಇದು ನೀವಿರುವ ಹಾಗೆಯೇ ನಿಮ್ಮನ್ನು ವಿಂಗಡಿಸಲು ನೋಡುತ್ತದೆ. ಆಸ್ಕರ್ ಗ್ಯಾಂಡಿ 1993ರಷ್ಟು ಹಿಂದೆಯೇ ಇದನ್ನು ವಿಂಗಡಣೆ ಎಂದೇ ಕರೆದ, ಪ್ಯಾನಾಪ್ಟಿಕ್ ಪದ ಬಿಡದೆ. ಇನ್ನೊಬ್ಬ ಫ್ರೆಂಚ್ ಚಿಂತಕ ಡೆಲ್ಯೂಜ್ 1990ರಲ್ಲಿ ಬರೆದ ಕೆಲವೇ ಪುಟಗಳ ಲೇಖನದಲ್ಲಿ ಇನ್ನೂ ಮುಂದೆ ಹೋಗಿ, ಗೋಡೆಗಳ ಕಾಲ ಮುಗಿಯುತ್ತಿದೆ, ಇನ್ನು ಕಾರ್ಡ್ ಇವತ್ತು ಬಾಗಿಲು ತೆರೆಯುತ್ತದಾ ಇಲ್ಲವಾ ಎಂಬುದೇ ಅಧಿಕಾರ ಎಂಬ ಅರ್ಥದ ಮಾತು ಹೇಳಿದ. ನಿಮ್ಮ ಪ್ರಬಂಧದ ಎರಡನೇ ಅರ್ಧಕ್ಕೆ ಫೂಕೋಗಿಂತ ಈ ಇಬ್ಬರು ಹೆಚ್ಚು ಆಗಿಬರುತ್ತಾರೆ.

‘ಬಹುಮಟ್ಟಿಗೆ ಅಲ್ಲ’ ಅಂದೆನಲ್ಲ, ಆ ಬಹುಮಟ್ಟಿಗೆ ಯಾಕೆ ಅಂದರೆ ಗೆರೆ ದಾಟುವ ಗಳಿಗೆ ಒಂದಿದೆ. ದಾಖಲೆ ಇದೆ, ಅದು ತಿರುಗಿ ತನ್ನ ಮೇಲೇ ಬರುತ್ತದೆ ಅಂತ ಜನರಿಗೆ ಗೊತ್ತಾದ ಗಳಿಗೆ. ನಮ್ಮ ಕಡೆ ಇದಕ್ಕೆ ಒಳ್ಳೆಯ ಉದಾಹರಣೆ ಸಿಬಿಲ್. ಟ್ರ್ಯಾಕ್ಟರ್ ಸಾಲ, ಬೈಕ್ ಸಾಲ ಅಂತ ಫೈನಾನ್ಸ್‌ಗೆ ಹೋದವರ ಬಾಯಲ್ಲೆಲ್ಲ ಅದೇ ಪದ. ‘ಕಂತು ತಪ್ಪಿಸಬ್ಯಾಡೋ, ಸಿಬಿಲ್ ಹೋಗ್ತತಿ.’ ಅಂಕ 300ರಿಂದ 900ರವರೆಗೆ ಇರುತ್ತದೆ ಅಂತ ಗೊತ್ತು. ಯಾವ ತಪ್ಪಿಗೆ ಎಷ್ಟು ಅಂಕ ಹೋಗುತ್ತದೆ ಅಂತ ಗೊತ್ತಿಲ್ಲ, ಮುಂದೆ ಯಾವ ಸಾಲದವನು ಯಾವಾಗ ತೆಗೆದು ನೋಡುತ್ತಾನೆ ಎಂಬುದೂ ಗೊತ್ತಿಲ್ಲ. ಹಾಗಾಗಿ ಯಾರೂ ಬಾಗಿಲಿಗೆ ಬರುವ ಮುಂಚೆಯೇ ಕಂತು ಕಟ್ಟುತ್ತಾರೆ. ಇದೂ ಕಂಪ್ಯೂಟರಿನ ವಿಂಗಡಣೆಯೇ, ಆದರೆ ಗೋಪುರ ಎದ್ದು ನಿಂತಿದೆ, ಕಿಟಕಿಗೆ ಪರದೆಯೂ ಇದೆ. ಹೀಗೇ ಇನ್ನೊಂದು. ಸ್ನೋಡೆನ್ 2013ರ ಜೂನ್‌ನಲ್ಲಿ ಅಮೆರಿಕದ ಬೇಹುಗಾರಿಕೆಯ ದಾಖಲೆಗಳನ್ನು ಹೊರಗೆ ಹಾಕಿದ ಮೇಲೆ, ವಿಕಿಪೀಡಿಯಾದಲ್ಲಿ ಭಯೋತ್ಪಾದನೆಗೆ ಸಂಬಂಧಿಸಿದ 48 ಪುಟಗಳ ಓದು ಎದ್ದು ಕಾಣುವಷ್ಟು ಇಳಿದದ್ದನ್ನು ಜಾನ್ ಪೆನ್ನಿ ಎಂಬ ಸಂಶೋಧಕ 2016ರಲ್ಲಿ ತೋರಿಸಿದರು. ಕಣ್ಣು ಮೊದಲೂ ಇತ್ತು. ಓದು ಇಳಿದದ್ದು ಕಣ್ಣಿದೆ ಅಂತ ಗೊತ್ತಾದ ಮೇಲೆ.

ಒಂದು ತಕರಾರು ಬರಬಹುದು, ಮೇಡಂ ಕೇಳಿದರೆ ಉತ್ತರ ಇರಲಿ. ‘ಚಪ್ಪಲಿ ಜಾಹೀರಾತು ವಾರವಿಡೀ ಬಂದಾಗ ನನಗೂ ಕಣ್ಣಿದೆ ಅಂತ ಗೊತ್ತಾಯಿತಲ್ಲ?’ ಗೊತ್ತಾಯಿತು. ಆದರೆ ನೀವು ಏನಾದರೂ ಬದಲಾಯಿಸಿದಿರಾ? ಚಪ್ಪಲಿ ನೋಡುವುದನ್ನು ಬಿಟ್ಟಿರಾ? ಬಿಟ್ಟಿದ್ದರೆ ಅದನ್ನು ಬರೆಯಿರಿ, ಅದು ಸಾಕ್ಷಿ. ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನ ಜಾಹೀರಾತು ವಿಭಾಗದಲ್ಲಿ `Delete advertising ID` ಅಂತ ಒಂದು ಆಯ್ಕೆ ಇರುತ್ತದೆ. ಕೈದಿಗೆ ತನ್ನ ನಂಬರನ್ನು ಅಳಿಸಿಕೊಳ್ಳುವ ಗುಂಡಿ ಕೊಟ್ಟ ಜೈಲು ನಾನಂತೂ ಕೇಳಿಲ್ಲ. ಅಳಿಸಿದರೂ ವಿಂಗಡಣೆ ಬೇರೆ ದಾರಿಗಳಲ್ಲಿ ನಡೆಯುತ್ತದೆ, ಅದು ಬೇರೆ ಮಾತು.

ಇನ್ನೊಂದು ಸಂಗತಿಯನ್ನು ಜನ ಹೆಚ್ಚಾಗಿ ಮರೆಯುತ್ತಾರೆ. ಬೆಂಥಮ್ ತನ್ನ ಗೋಪುರವನ್ನು ಊರಿನವರಿಗೆ ತೆರೆದಿಡಬೇಕು ಅಂದಿದ್ದ. ಯಾರು ಬೇಕಾದರೂ ಬಂದು ಕಾವಲುಗಾರ ಸರಿಯಾಗಿ ಕೆಲಸ ಮಾಡುತ್ತಿದ್ದಾನಾ ಅಂತ ನೋಡಬಹುದು. ಸಾವ್ಕಾರರ ಫೋನನ್ನು ಅಕ್ಕ ನೋಡಲಾರಳು, ಹರಾಜಿನ ಯಂತ್ರವನ್ನು ನೀವು ನೋಡಲಾರಿರಿ. ಈ ಒಂದು ವಿಷಯದಲ್ಲಿ ಬೆಂಥಮ್‌ನ ಜೈಲೇ ಮೇಲು ಅಂತ ನನಗೆ ಅನಿಸುತ್ತದೆ. ಒಪ್ಪದವರೂ ಇದ್ದಾರೆ.

ಪ್ರಬಂಧ ತಿದ್ದುವಾಗ ‘ಎರಡೂ ಪ್ಯಾನಾಪ್ಟಿಕಾನ್’ ಎಂಬ ಸಾಲನ್ನು ತೆಗೆದು ಮೊದಲು ಅಕ್ಕನ ಜೊತೆ ಒಂದು ಸಂಜೆ ಕೂತು ಮಾತಾಡಿ. ‘ಕ್ಯಾಮೆರಾದಿಂದ ನಿನಗೆ ಏನನಿಸುತ್ತದೆ’ ಅಂತ ಕೇಳಬೇಡಿ. ‘ಅಭ್ಯಾಸ ಆಗೇತಿ ಬಿಡು’ ಅನ್ನುತ್ತಾಳೆ, ಮಾತು ಮುಗಿಯುತ್ತದೆ. ಕ್ಯಾಮೆರಾ ಬರುವ ಮುಂಚೆ ಮಾಡುತ್ತಿದ್ದ ಯಾವುದನ್ನು ಈಗ ಮಾಡುವುದಿಲ್ಲ ಅಂತ ಕೇಳಿ. ಅದಕ್ಕೆ ಕಾಣದ ಜಾಗ ಯೂನಿಟ್‌ನಲ್ಲಿ ಎಲ್ಲಿದೆ, ಅಲ್ಲಿ ಯಾರು ನಿಲ್ಲುತ್ತಾರೆ ಅಂತ ಕೇಳಿ. ಕೊನೆಯದಾಗಿ, ಕ್ಯಾಮೆರಾ ನಡೆಯುತ್ತಿದೆ ಅಂತ ನಿನಗೆ ಹೇಗೆ ಗೊತ್ತು ಅಂತ ಕೇಳಿ. ಅವಳು ಉತ್ತರ ಹೇಳುವ ಮುಂಚೆ ಎಷ್ಟು ಹೊತ್ತು ಸುಮ್ಮನಿದ್ದಳು ಎಂಬುದನ್ನೂ ಬರೆದುಕೊಳ್ಳಿ.